ಹಾರ್ಟ್ ಬಿದ್ದ ಕಾಮೆಂಟು ನಂಬಬಹುದಾ?

ಸಿಂಧನೂರಿನಿಂದ ಪ್ರಶ್ನೆ

ಮೆಣಸಿನಕಾಯಿ ಗಿಡದ ಎಲೆ ಮುದುಡುತ್ತಿದೆ. ಬೇವಿನ ಎಣ್ಣೆ ಹೊಡೆಯೋಣ ಅಂತ ಯೂಟ್ಯೂಬಲ್ಲಿ ಒಂದು ವಿಡಿಯೋ ನೋಡಿದೆ. ಅದರಲ್ಲಿ ಲೀಟರಿಗೆ 5 ಎಂಎಲ್ ಅಂದರು. ಕೆಳಗೆ ಒಬ್ಬರು 16 ಲೀಟರ್ ಪಂಪಿಗೆ 200 ಎಂಎಲ್ ಅಂತ ಬರೆದಿದ್ದಾರೆ, ಅದಕ್ಕೆ ಚಾನೆಲ್‌ನವರ ಹಾರ್ಟ್ ಇದೆ. ಇನ್ನೊಬ್ಬರು 150 ಹಾಕಬಹುದಾ ಅಂತ ಕೇಳಿದ್ದಾರೆ, ಚಾನೆಲ್‌ನವರೇ ಹೌದು ಅಂದಿದ್ದಾರೆ. ಎಲ್ಲಕ್ಕಿಂತ ಮೇಲೆ ಪಿನ್ ಆಗಿರೋದು ಎಣ್ಣೆ ಮಾರುವ ಲಿಂಕು. ಯಾವ ಗುರುತು ನಂಬಲಿ? ಅನುಭವ ಇದ್ದವರು ಹೇಳಿ.

ಬಳ್ಳಾರಿಯಿಂದ, ಕಾಲೇಜು ಹುಡುಗ

ಅಣ್ಣ, ಹಾರ್ಟ್ ಅಂದ್ರೆ ಸುಮ್ನೆ ಲೈಕ್ ಅಲ್ಲ. ಲೈಕ್ ಯಾರು ಬೇಕಾದ್ರೂ ಒತ್ತಬಹುದು. ಹಾರ್ಟ್ ಒತ್ತೋಕೆ ಆ ಚಾನೆಲ್ ನಡೆಸುವವರಿಗೆ ಮಾತ್ರ ಆಗುತ್ತೆ. ಅದಕ್ಕೇ ಅಲ್ಲಿ ಚಾನೆಲ್‌ನ ಪುಟ್ಟ ಫೋಟೋ, ಅದರ ಮೂಲೆಯಲ್ಲಿ ಕೆಂಪು ಹಾರ್ಟ್ ಕಾಣುತ್ತೆ. ಅಂದ್ರೆ ಅವರು ಓದಿದ್ದಾರೆ, ಸರಿ ಇದೆ ಅಂತ ಒಪ್ಪಿದ್ದಾರೆ. ನಾನಾದ್ರೆ 200 ನಂಬ್ತೀನಿ.

ಗಂಗಾವತಿಯಿಂದ, ತಂಗಿಯ ಅಡುಗೆ ಚಾನೆಲ್ ನೋಡಿಕೊಳ್ಳುವವರು

ತಮ್ಮ, ನಿನ್ನ ಮೊದಲ ಮಾತು ಸರಿ. ಕೊನೆಯದನ್ನು ಒಪ್ಪೋಕೆ ಆಗಲ್ಲ.

ತಂಗಿ ಅಡುಗೆ ಮಾಡ್ತಾಳೆ, ಕಾಮೆಂಟು ನೋಡೋದು ನಾನು. ಅವಳ ಚಾನೆಲ್‌ಗೆ ನನಗೂ ಪರ್ಮಿಷನ್ ಕೊಟ್ಟಿದ್ದಾಳೆ. ಹಾಗಾಗಿ ಹಾರ್ಟ್ ಒತ್ತೋದು ನಾನು, ಜನರಿಗೆ ಕಾಣೋದು ಅವಳ ಫೋಟೋ. ರಾತ್ರಿ ಊಟ ಆದ ಮೇಲೆ ಫೋನಲ್ಲಿ ಸ್ಟುಡಿಯೋ ಆ್ಯಪ್ ತೆಗೆಯುತ್ತೇನೆ. ಎಲ್ಲ ವಿಡಿಯೋಗಳ ಕಾಮೆಂಟೂ ಒಂದರ ಕೆಳಗೆ ಒಂದು ಸಾಲಾಗಿ ಬರುತ್ತವೆ. ಉದ್ದ ಇದ್ದರೆ ಮೊದಲ ಕೆಲವು ಸಾಲು ಮಾತ್ರ ಕಾಣುತ್ತೆ. ದಿನಕ್ಕೆ ಐವತ್ತು ಅರವತ್ತು ಇದ್ದಾಗ ಎಲ್ಲವನ್ನೂ ಬಿಡಿಸಿ ಓದೋಕೆ ಆಗಲ್ಲ. "ತುಂಬಾ ಚೆನ್ನಾಗಿದೆ ಅಕ್ಕ" ಅಂತ ಶುರುವಾದರೆ ಹಾರ್ಟ್ ಒತ್ತಿ ಮುಂದೆ ಹೋಗ್ತಿದ್ದೆ.

ಒಂದು ಸಲ ಮಾವಿನಕಾಯಿ ಉಪ್ಪಿನಕಾಯಿ ವಿಡಿಯೋಗೆ ಹೀಗೇ ಒಬ್ಬರು ಬರೆದಿದ್ದರು. ಮೊದಲೆರಡು ಸಾಲು ಹೊಗಳಿಕೆ. ಕೆಳಗಿನ ಸಾಲಲ್ಲಿ, ತಾವು ಉಪ್ಪು ಅರ್ಧ ಹಾಕಿ ಎಣ್ಣೆಯನ್ನೂ ಕಡಿಮೆ ಮಾಡ್ತೀವಿ ಅಂತ. ನಾನು ಅಲ್ಲಿವರೆಗೆ ಓದದೆ ಹಾರ್ಟ್ ಕೊಟ್ಟೆ. ಮೂರು ವಾರ ಕಳೆದ ಮೇಲೆ ಇಬ್ಬರು ಕೇಳಿದರು, ನೀವು ಹಾರ್ಟ್ ಕೊಟ್ಟ ಅಳತೇಲಿ ಹಾಕಿದ್ವಿ, ಭರಣಿ ಪೂರ್ತಿ ಬೂಷ್ಟು ಹಿಡೀತು, ಯಾಕೆ ಅಂತ. ಆ ದಿನ ನನಗೆ ನಿದ್ದೆ ಬರಲಿಲ್ಲ. ಹಾರ್ಟ್ ವಾಪಸ್ ತೆಗೆದೆ. ಇನ್ನೊಮ್ಮೆ ಒತ್ತಿದರೆ ಹೋಗುತ್ತೆ, ಇತ್ತು ಅನ್ನೋ ಗುರುತೂ ಉಳಿಯಲ್ಲ. ಆಮೇಲೆ ಸರಿಯಾದ ಅಳತೆ ಬರೆದು ಚಾನೆಲ್ ಹೆಸರಲ್ಲೇ ಪಿನ್ ಮಾಡಿದೆ.

ಸಿಂಧನೂರಿನ ಅಣ್ಣ, ಆ 200ರ ಕಾಮೆಂಟು ಹೇಗೆ ಶುರುವಾಗುತ್ತೆ ನೋಡಿ. ಮೊದಲು ಹೊಗಳಿಕೆ ಇದ್ದು, ಅಳತೆ ಕೆಳಗಿದ್ದರೆ ನನ್ನ ಕಥೆಯೇ ಅಲ್ಲೂ ಆಗಿರಬಹುದು.

ರಾಯಚೂರಿನಿಂದ

ಹಾರ್ಟ್ ಬಗ್ಗೆ ಮಾತು ಬಂತಲ್ಲ, ನನ್ನದೂ ಒಂದು ಹೇಳ್ತೀನಿ. ಹತ್ತಿ ಬಗ್ಗೆ ಒಂದು ದೊಡ್ಡ ಚಾನೆಲ್‌ನಲ್ಲಿ ಕಾಮೆಂಟು ಹಾಕಿದ್ದೆ. ಹಾರ್ಟ್ ಬಂತು ಅಂತ ನೋಟಿಫಿಕೇಶನ್ನೂ ಬಂತು. ಖುಷಿಯಾಗಿ ಕೊನೆಯಲ್ಲಿ "ಹಾರ್ಟ್ ಕೊಟ್ಟಿದ್ದಕ್ಕೆ ಧನ್ಯವಾದ ಸರ್" ಅಂತ ಸೇರಿಸಿದೆ. ಮನೆಯವಳಿಗೆ ತೋರಿಸೋಣ ಅಂತ ತೆಗೆದರೆ ಹಾರ್ಟೇ ಇಲ್ಲ! ನಾನೇನು ತಪ್ಪು ಬರೆದೆ ಅಂತ ತೆಗೆದರು? ವಾಪಸ್ ಬರೋಕೆ ಏನು ಮಾಡಬೇಕು?

ಗಂಗಾವತಿಯಿಂದ

ಅವರು ತೆಗೆದಿಲ್ಲ ಅಣ್ಣ. ಹಾರ್ಟ್ ಬಿದ್ದ ಕಾಮೆಂಟನ್ನು ಬರೆದವರು ತಿದ್ದಿದರೆ ಹಾರ್ಟ್ ತಾನಾಗಿ ಹೋಗುತ್ತೆ. ಒಂದು ಅಕ್ಷರ ತಿದ್ದಿದರೂ ಅಷ್ಟೇ. ಚಾನೆಲ್‌ನವರು ಮತ್ತೆ ಒತ್ತಿದರೆ ಮಾತ್ರ ಬರುತ್ತೆ.

ನೀವು ಬೇರೆ ವಿಷಯ ಕೇಳಿದ್ರಿ, ಆದರೆ ಸಿಂಧನೂರಿನವರಿಗೂ ಇದರಲ್ಲೇ ಒಂದು ಸುಳಿವು ಇದೆ. ಹಾರ್ಟ್ ಇನ್ನೂ ಇದೆ ಅಂದ್ರೆ, ಆ ಮಾತು ಹಾರ್ಟ್ ಬಿದ್ದ ಹೊತ್ತಿಗೆ ಹೇಗಿತ್ತೋ ಈಗಲೂ ಹಾಗೇ ಇದೆ. 200 ಅನ್ನೋದನ್ನು ಆಮೇಲೆ ಯಾರೂ ತುರುಕಿಲ್ಲ. ಚಾನೆಲ್‌ನವರು ಅಲ್ಲಿವರೆಗೆ ಓದಿದರಾ ಇಲ್ವಾ ಅನ್ನೋದನ್ನು ಮಾತ್ರ ಹಾರ್ಟ್ ಹೇಳಲ್ಲ.

ಉತ್ತರದ ವಿಷಯ ಇದಕ್ಕೆ ಉಲ್ಟಾ. ಉತ್ತರ ಕೊಡೋರು ಸಾಮಾನ್ಯವಾಗಿ ಪ್ರಶ್ನೆ ಓದಿಯೇ ಇರ್ತಾರೆ. ಆದರೆ ಪ್ರಶ್ನೆ ಕೇಳಿದವರು ಆಮೇಲೆ ತಮ್ಮ ಪ್ರಶ್ನೆಯನ್ನೇ ತಿದ್ದಿದರೆ ಉತ್ತರ ಎಲ್ಲೂ ಹೋಗಲ್ಲ. ಹೊಸ ಪ್ರಶ್ನೆಯ ಕೆಳಗೆ ಹಳೆ ಉತ್ತರ ಹಾಗೇ ಕೂತಿರುತ್ತೆ. 80 ಹಾಕಬಹುದಾ ಅಂತ ಕೇಳಿ, "ಹೌದು" ಬಂದ ಮೇಲೆ 80ನ್ನು 150 ಮಾಡಿದರೆ ಓದುವವರಿಗೆ ಗೊತ್ತಾಗೋದೇ ಇಲ್ಲ.

ಕಂಡುಹಿಡಿಯೋದು ಹೀಗೆ. ಪ್ರಶ್ನೆ ಹಾಕಿದವರ ಹೆಸರಿನ ಮುಂದೆ ಎಷ್ಟು ದಿನ ಆಯ್ತು ಅಂತ ಇರುತ್ತಲ್ಲ, ಅದರ ಪಕ್ಕ edited ಅಂತ ಇದೆಯಾ ನೋಡಿ. ಇದ್ದರೆ ಕೆಳಗಿನ ಎಲ್ಲ ಉತ್ತರಗಳನ್ನೂ ಬಿಡಿಸಿ ಓದಿ. ಚಾನೆಲ್‌ನವರದ್ದಷ್ಟೇ ಅಲ್ಲ, ಬೇರೆಯವರದ್ದೂ. ಹಳೆ ಪ್ರಶ್ನೆ ಏನಿತ್ತು ಅನ್ನೋದು ಅವರ ಮಾತಲ್ಲಿ ಉಳಿದಿರುತ್ತೆ.

ಬಳ್ಳಾರಿಯಿಂದ, ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಇರುವವರು

ಉತ್ತರ ಕೊಟ್ಟಿದ್ದು ಚಾನೆಲ್‌ನವರೇ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ ಅಣ್ಣ. ನಮ್ಮ ಯೂನಿಟ್‌ನ ಹುಡುಗ ಹೊಲಿಗೆ ಮಷೀನ್ ರಿಪೇರಿ ವಿಡಿಯೋ ಕೆಳಗೆ ಒಂದು ಕಾಮೆಂಟು ಹಾಕಿದ. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಅದೇ ಫೋಟೋ, ಅದೇ ಹೆಸರು. ನಿಮಗೆ ಬಹುಮಾನ ಬಂದಿದೆ, ಈ ನಂಬರಿಗೆ ವಾಟ್ಸಾಪ್ ಮಾಡಿ ಅಂತ. ಕೊರಿಯರ್ ಚಾರ್ಜು ಅಂತ 2,000 ರೂಪಾಯಿ ಕಳಿಸಿದ. ದುಡ್ಡು ಹೋಯ್ತು. ಹತ್ತೊಂಬತ್ತು ವರ್ಷದ ಹುಡುಗ, ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆಮೇಲೆ ಕೂತು ನೋಡಿದ್ವಿ. ನಿಜವಾದ ಚಾನೆಲ್‌ನವರು ತಮ್ಮ ವಿಡಿಯೋ ಕೆಳಗೆ ಬರೆದರೆ ಅವರ ಹೆಸರಿನ ಹಿಂದೆ ಬಣ್ಣದ ಪಟ್ಟಿ ಇರುತ್ತೆ, ಹೆಸರು ಒಂದು ಡಬ್ಬಿಯೊಳಗೆ ಕೂತ ಹಾಗೆ. ಕಳ್ಳನ ಹೆಸರಿಗೆ ಆ ಪಟ್ಟಿ ಇರಲಿಲ್ಲ. ಫೋಟೋ ಕದಿಯಬಹುದು, ಹೆಸರೂ ಹತ್ತಿರ ಹತ್ತಿರ ಹಾಗೇ ಇಡಬಹುದು, ಆ ಪಟ್ಟಿ ಮಾತ್ರ ಯೂಟ್ಯೂಬೇ ಹಾಕೋದು. ಹೆಸರು ಒತ್ತಿ ಒಳಗೆ ಹೋದರೆ ಒಂದೂ ವಿಡಿಯೋ ಇಲ್ಲ. 2022ರಿಂದ ಸಬ್‌ಸ್ಕ್ರೈಬರ್ ಲೆಕ್ಕ ಮುಚ್ಚಿಡೋಕೂ ಬಿಡ್ತಿಲ್ಲ, ಹಾಗಾಗಿ ಅಲ್ಲೇ ಸಿಕ್ಕಿಬೀಳ್ತಾರೆ.

ಬಳ್ಳಾರಿಯಿಂದ, ಕಾಲೇಜು ಹುಡುಗ

ಅಕ್ಕ, ಒಪ್ಪಿದೆ. ಆದರೆ ಹಾರ್ಟ್ ಬಿದ್ದ ಕಾಮೆಂಟು ಮೇಲೆ ಬರುತ್ತೆ ಅನ್ನೋದು ನಿಜ ತಾನೆ? ನನ್ನದು ಯಾವಾಗಲೂ ಮೇಲೆ ಬಂದಿದೆ.

ಗಂಗಾವತಿಯಿಂದ

ನಮ್ಮ ಚಾನೆಲ್‌ನಲ್ಲಿ ಹಾರ್ಟ್ ಇದ್ದೂ ತಳದಲ್ಲಿ ಬಿದ್ದಿರೋದು ಎಷ್ಟೋ ಇವೆ. ಹಾರ್ಟ್ ಕಂಡು ಜನ ಲೈಕ್ ಒತ್ತುತ್ತಾರೆ, ಅದರಿಂದ ಮೇಲೆ ಹೋಗುತ್ತಾ ಅಂತ ನನಗೆ ಅನುಮಾನ.

ಕೊಪ್ಪಳದಿಂದ, ಮೆಣಸಿನಕಾಯಿ ಬೆಳೆಗಾರರು

ನಾನು ಗುರುತಿನ ವಿಷಯ ಹೇಳಲ್ಲ, ಎಣ್ಣೆ ವಿಷಯ ಹೇಳ್ತೀನಿ. ಲೀಟರಿಗೆ 5 ಅಂದ್ರೆ 16 ಲೀಟರಿಗೆ 80. 200 ಹಾಕಿದರೆ ಲೀಟರಿಗೆ ಹನ್ನೆರಡೂವರೆ ಬೀಳುತ್ತೆ, ಹೇಳಿದ್ದರ ಎರಡೂವರೆ ಪಟ್ಟು. ನಾನೂ ಒಮ್ಮೆ ಜಾಸ್ತಿ ಹಾಕಿ ಮಧ್ಯಾಹ್ನದ ಬಿಸಿಲಲ್ಲಿ ಹೊಡೆದಿದ್ದೆ. ಮೂರನೇ ದಿನಕ್ಕೆ ಎಲೆ ಅಂಚು ಸುಟ್ಟ ಹಾಗೆ ಆಯ್ತು. ಹೊಡೆಯೋ ಮುಂಚೆ ಡಬ್ಬಿ ಮೇಲಿನ ಅಳತೆ ನೋಡಿ, ಒಂದು ಮುದುಡಿದ ಟೊಂಗೆ ಕಿತ್ತುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಎಲೆ ಮುದುಡೋದು ನುಸಿಯಿಂದಲೂ ಆಗುತ್ತೆ, ವೈರಸ್‌ನಿಂದಲೂ ಆಗುತ್ತೆ. ವೈರಸ್ ಆಗಿದ್ದರೆ 80 ಹಾಕಿದರೂ ಆ ಗಿಡ ಸುಧಾರಿಸಲ್ಲ.

ಗಂಗಾವತಿಯಿಂದ

ಪಿನ್ ಬಗ್ಗೆ ಯಾರೂ ಹೇಳಲಿಲ್ಲ. ಒಂದು ವಿಡಿಯೋಗೆ ಒಂದೇ ಕಾಮೆಂಟು ಪಿನ್ ಮಾಡೋಕೆ ಆಗೋದು. ಹೊಸದು ಪಿನ್ ಮಾಡಿದರೆ ಹಳೆಯದು ಇಳಿದು ಗುಂಪಲ್ಲಿ ಸೇರಿಕೊಳ್ಳುತ್ತೆ. ನಾನು ಉಪ್ಪಿನಕಾಯಿ ಅಳತೆ ಪಿನ್ ಮಾಡಿದ್ದೆ ಅಂದೆನಲ್ಲ, ದೀಪಾವಳಿಗೆ ತಂಗಿ ಗುರೆಳ್ಳು ಚಟ್ನಿಪುಡಿ ಮಾರ್ತೀವಿ ಅಂತ ಅದೇ ವಿಡಿಯೋಗೆ ಪಿನ್ ಮಾಡಿಬಿಟ್ಟಳು. ನನ್ನ ತಿದ್ದುಪಡಿ ಎಲ್ಲಿ ಹೋಯ್ತು ಅಂತ ನಾನೇ ಹುಡುಕಬೇಕಾಯ್ತು.

ಹಾಗಾಗಿ ಮೇಲೆ ಮಾರುವ ಲಿಂಕು ಕಂಡರೆ, ಅದರ ಜಾಗದಲ್ಲಿ ಮೊದಲು ಬೇರೇನೋ ಇತ್ತಾ ಅಂತ ನೋಡೋದು ಒಳ್ಳೆಯದು. ಕಾಮೆಂಟುಗಳ ಸಾಲನ್ನು Newest ಗೆ ಬದಲಾಯಿಸಿ ಕೆಳಗೆ ಇಳಿಯುತ್ತಾ ಹೋಗಿ. ಹೆಸರಿಗೆ ಬಣ್ಣದ ಪಟ್ಟಿ ಇರುವುದನ್ನು ಮಾತ್ರ ಹುಡುಕಿ. ಲಿಂಕು ಪಿನ್ ಆಗಿದೆ ಅಂತ ಚಾನೆಲ್ ಕೆಟ್ಟದ್ದು ಅಂತ ನಾನು ಹೇಳಲ್ಲ. ನಾವೂ ಮಾರ್ತೀವಿ.

ಸಿಂಧನೂರಿನಿಂದ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಕೂತು ಎಲ್ಲ ನೋಡಿದೆ.

200ರದ್ದು ಅಕ್ಕ ಹೇಳಿದ ಹಾಗೇ ಇದೆ. ಮೂರು ಸಾಲು ಚಾನೆಲ್‌ನವರ ಹೊಗಳಿಕೆ, ಅಳತೆ ಕಟ್ಟಕಡೆಗೆ. Read more ಒತ್ತಿದರೆ ಮಾತ್ರ ಕಾಣುತ್ತೆ. 150ರ ಪ್ರಶ್ನೆ ಪಕ್ಕ edited ಅಂತ ಇದೆ. ಕೆಳಗೆ ಐದು ಉತ್ತರ. ಚಾನೆಲ್‌ನವರದ್ದು ಪಟ್ಟಿ ಇರುವ ಹೆಸರೇ, "ಹೌದು, ಸಂಜೆ ಹೊಡೆಯಿರಿ" ಅಂತ. ಅದರ ಕೆಳಗೆ ಇನ್ನೊಬ್ಬರು "ನಾನೂ 80 ಹಾಕಿದೆ, ಸ್ವಲ್ಪ ಸೋಪಿನ ನೀರು ಕಲಸಿ" ಅಂತ ಬರೆದಿದ್ದಾರೆ. 150ರ ಪ್ರಶ್ನೆಗೆ ಯಾರೂ "ನಾನೂ 80" ಅನ್ನಲ್ಲ ಅಲ್ವಾ? ಮೊದಲು 80 ಅಂತಲೇ ಕೇಳಿರಬೇಕು. ಯಾಕೆ ತಿದ್ದಿದರೋ ಗೊತ್ತಿಲ್ಲ.

ಎಂಟು ತಿಂಗಳ ಹಿಂದಿನ ಚಾನೆಲ್‌ನವರದೇ ಒಂದು ಕಾಮೆಂಟೂ ಸಿಕ್ಕಿತು. ಪಂಪಿಗೆ 80 ಮೀರಬೇಡಿ, ಬಿಸಿಲಲ್ಲಿ ಬೇಡ ಅಂತ. ಅದರ ಕೆಳಗೆ ಯಾರೋ "ಪಿನ್ ಮಾಡಿದ್ದು ಒಳ್ಳೇದಾಯ್ತು ಸರ್" ಅಂದಿದ್ದಾರೆ. ಈಗ ಆ ಜಾಗದಲ್ಲಿ ಲಿಂಕು ಇದೆ.

200ರ ಕಾಮೆಂಟಿಗೆ ಉತ್ತರವಾಗಿ "16 ಲೀಟರಿಗೆ 200 ಸರಿನಾ ಸರ್, ನೀವು 80 ಅಂದಿದ್ರಿ" ಅಂತ ಲೆಕ್ಕ ಸಮೇತ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ, ಹಾರ್ಟೂ ಹೋಗಿಲ್ಲ. ಬೆಳಿಗ್ಗೆ ಎರಡು ಟೊಂಗೆ ಕಿತ್ತು ಕವರಿಗೆ ಹಾಕಿ ಇಟ್ಟಿದ್ದೇನೆ. ರೈತ ಸಂಪರ್ಕ ಕೇಂದ್ರದ ಬಾಗಿಲು ತೆಗೆದ ಕೂಡಲೇ ಹೋಗ್ತೀನಿ.