ಅಪ್‌ಡೇಟ್: ಮಣಿಕಟ್ಟಿನ ನೋವು, ಸ್ಕೇಫಾಯ್ಡ್ ಬಿರುಕೇ ಹೌದು

ನನ್ನ ಪ್ರಶ್ನೆ: ಅಂಗೈ ಊರಿ ಬಿದ್ದೆ. ಹೆಬ್ಬೆರಳ ಬುಡದ ಗುಳಿ ಒತ್ತಿದರೆ ಜೋರು ನೋವು. ಎಕ್ಸ್‌ರೇ ನಾರ್ಮಲ್. ಮಣಿಕಟ್ಟಿನಲ್ಲಿ ಹೆಬ್ಬೆರಳ ಕಡೆ ಇರುವ ಸ್ಕೇಫಾಯ್ಡ್ ಅನ್ನೋ ಸಣ್ಣ ಮೂಳೆ ಮುರಿದಿರಬಹುದಾ?

ಹೌದು, ಮುರಿದಿತ್ತು. ಮೂಳೆ ಡಾಕ್ಟರು ಹೆಬ್ಬೆರಳನ್ನು ಮೇಲಕ್ಕೆತ್ತಲು ಹೇಳಿ, ಎರಡು ನರಗಳಂತೆ ಎದ್ದು ಕಾಣುವ ಸ್ನಾಯುರಜ್ಜುಗಳ ನಡುವಿನ ಗುಳಿಯನ್ನು ಬೆರಳ ತುದಿಯಿಂದ ಒತ್ತಿದರು. ಆಮೇಲೆ ಹೆಬ್ಬೆರಳನ್ನು ಮಣಿಕಟ್ಟಿನ ಕಡೆಗೆ ನೇರ ತಳ್ಳಿದರು. ಎರಡಕ್ಕೂ ನೋವಾಯಿತು. ಹೊಸ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲವಂತೆ. ಅದಕ್ಕೇ ಹೆಬ್ಬೆರಳೂ ಸೇರಿದಂತೆ ಪಟ್ಟಿ ಹಾಕಿ, 10ರಿಂದ 14 ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಸಲು ಹೇಳಿದರು. ಬೇಗ ತಿಳಿಯಬೇಕಿದ್ದರೆ ಎಂಆರ್‌ಐ.

ಎರಡನೇ ಎಕ್ಸ್‌ರೇಯಲ್ಲಿ ಮೂಳೆಯ ನಡುವೆ ಸಣ್ಣ ಗೆರೆ ಕಂಡಿತು. ತುಂಡುಗಳು ಜರುಗಿರಲಿಲ್ಲ, ಹಾಗಾಗಿ ಆಪರೇಷನ್ ಬೇಡ, ಬರೀ ಪ್ಲಾಸ್ಟರ್. ಸಾಮಾನ್ಯವಾಗಿ 8ರಿಂದ 12 ವಾರ ಬೇಕಂತೆ.

ಇಷ್ಟು ಜಾಸ್ತಿ ಯಾಕೆ ಅಂತ ಕೇಳಿದೆ. ಈ ಮೂಳೆಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯ ತುದಿಯಿಂದ ಹೊಕ್ಕು ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ಸಾಲದೆ, ಕೂಡದೇ ಹೋಗಬಹುದು, ಸತ್ತೂ ಹೋಗಬಹುದು. ಆಮೇಲೆ ಮಣಿಕಟ್ಟು ಸವೆದು ಸಂಧಿವಾತ ಬರುತ್ತದೆ. ಸುಮ್ನೆ ಉಳುಕು ಅಂತ ಎಣ್ಣೆ ಹಚ್ಚಿ ತಿಕ್ಕಬೇಡಿ. ಗುಳಿಯಲ್ಲಿ ನೋವಿದ್ದರೆ, ಎಕ್ಸ್‌ರೇ ನಾರ್ಮಲ್ ಬಂದರೂ, ಪಟ್ಟಿ ಹಾಕಿಸಿಕೊಂಡು ಮತ್ತೆ ತೋರಿಸಿ.