ಪದಚರ್ಚೆ: 0/0 ರೂಪಕ್ಕೆ ‘ಅನಿಶ್ಚಿತ’ವೋ ‘ಅನಿರ್ಧಾರ್ಯ’ವೋ?

ಧಾರವಾಡದ ಅನುವಾದಕಿ: ಪಿಯುಸಿ ಗಣಿತದ ಉತ್ತರಪುಸ್ತಿಕೆಯೊಂದು ಇಂದು ಸಂಜೆ ಅಚ್ಚಿಗೆ ಹೋಗಬೇಕು. ಮೂಲಪುಟ ಮೊಬೈಲಿನಲ್ಲಿ ತೆಗೆದ ಚಿತ್ರವಾಗಿ ಮಾತ್ರ ನನ್ನಲ್ಲಿದೆ. x → 2 ಆದಾಗ (x³ − 8)/(x² − 4) ಇದರ ಮಿತಿ ಎಷ್ಟು ಎಂಬುದು ಪ್ರಶ್ನೆ. ಅಂಶದಲ್ಲಿರುವ ಘಾತ ಮಸುಕಾಗಿದೆ. 3 ಎಂದು ಓದಿಕೊಂಡಿದ್ದೇನೆ. 2 ಹಾಕಿದರೆ 0/0 ಬರುತ್ತದೆ. ಇದನ್ನು ಏನೆಂದು ಕರೆಯಲಿ?

ಶಿವಮೊಗ್ಗದಿಂದ: ‘ಅರ್ಥಹೀನ ರೂಪ’ ಎನ್ನಿ. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ, ಮುಗಿಯಿತು.

ಮೈಸೂರಿನ ನಿವೃತ್ತ ಉಪನ್ಯಾಸಕ: ಮುಗಿಯಲಿಲ್ಲ. ಘಾತ 2 ಆಗಿದ್ದರೆ ಅಂಶ −4, ಛೇದ 0. ಆಗ ಬೆಲೆ ಎರಡರ ಒಂದು ಬದಿಯಲ್ಲಿ ಮಿತಿಮೀರಿ ಏರುತ್ತದೆ, ಇನ್ನೊಂದು ಬದಿಯಲ್ಲಿ ಇಳಿಯುತ್ತದೆ, ಮಿತಿಯೇ ಇಲ್ಲ. 0/0 ಹಾಗಲ್ಲ. ಮಿತಿ ಇರಬಹುದು, ಆದರೆ ಅದೊಂದನ್ನೇ ನೋಡಿ ನಿರ್ಧರಿಸಲಾಗದು. ‘ಅನಿರ್ಧಾರ್ಯ’ವೇ ಸರಿ. ಅಪವರ್ತಿಸಿ ನೋಡಿ:

```
[(x−2)(x²+2x+4)] / [(x−2)(x+2)]
```

x ಎರಡನ್ನು ಸಮೀಪಿಸುತ್ತದೆಯೇ ಹೊರತು ಎರಡೇ ಆಗುವುದಿಲ್ಲ. ಆದ್ದರಿಂದ (x−2) ಹೊಡೆದುಹಾಕಬಹುದು. 12/4, ಅಂದರೆ 3.

ಬೆಂಗಳೂರಿನಿಂದ: ಇಷ್ಟೆಲ್ಲ ಏಕೆ? ಲೋಪಿತಾಲ್ ನಿಯಮದಂತೆ ಮೇಲೆ ಕೆಳಗೆ ಬೇರೆ ಬೇರೆಯಾಗಿ ಅವಕಲಿಸಿದರೆ 3x²/2x. ಆದರೆ ನನ್ನ ಮಗ ಮತ್ತೊಮ್ಮೆ ಅವಕಲಿಸಿ 6x/2 ಬರೆದು 6 ಎನ್ನುತ್ತಿದ್ದಾನೆ. ಯಾವುದು ಸರಿ?

ಮೈಸೂರು: ಮೊದಲ ಸಲಕ್ಕೇ 12/4 ಬಂದಿದೆ. ಸೊನ್ನೆ ಹೋದ ಮೇಲೆ ನಿಯಮ ನಡೆಯುವುದಿಲ್ಲ, 6 ತಪ್ಪು. ಪ್ರತಿ ಹೆಜ್ಜೆಗೂ ಬೆಲೆ ಹಾಕಿ ನೋಡದವರೆಲ್ಲ ಇಲ್ಲೇ ಎಡವುತ್ತಾರೆ. ಇನ್ನೊಂದು ಮಾತು: x³ರ ಅವಕಲನವನ್ನು ಮಕ್ಕಳು ಕಲಿಯುವುದೇ (x³ − a³)/(x − a) ಇದರ ಮಿತಿಯಿಂದ. ಮಿತಿಯ ಪಾಠದಲ್ಲೇ ಆ ನಿಯಮ ಹೇಳಿದರೆ ಸುತ್ತಿ ಬಂದಂತಾಗುತ್ತದೆ. ಪುಸ್ತಿಕೆಯಲ್ಲಿ ಅಪವರ್ತನ ಮೊದಲು ಬರಲಿ.

ಮಂಗಳೂರಿನಿಂದ: ಅಪವರ್ತನ, ಅವಕಲನ, ಅನಿರ್ಧಾರ್ಯ! ಇದರಲ್ಲಿ ಕನ್ನಡ ಎಲ್ಲಿದೆ? ‘ಒಡೆದು ಬರೆ’ ಎಂದರೆ ಮಗುವಿಗೆ ತಿಳಿಯುತ್ತದೆ. ರಾಜಾದಿತ್ಯ 12ನೆಯ ಶತಮಾನದಲ್ಲೇ ಕನ್ನಡದಲ್ಲಿ ಗಣಿತ ಬರೆದಿದ್ದಾನೆ.

ಮೈಸೂರು: ಅವನ ಕೃತಿಯ ಹೆಸರು ‘ವ್ಯವಹಾರಗಣಿತ’. ಎರಡೂ ಸಂಸ್ಕೃತ ಪದಗಳು. ಭಾಸ್ಕರಾಚಾರ್ಯನಲ್ಲಿ ಅಪವರ್ತನವೆಂದರೆ ಸಮಾನ ಭಾಜಕದಿಂದ ಭಾಗಿಸಿ ಕಿರಿದಾಗಿಸುವುದು. ಇಲ್ಲಿ (x−2) ಹೋದದ್ದು ಅದೇ ಕೆಲಸ. ಇಂಥ ಪದವನ್ನು ಬಿಡಲಾರೆ.

ಮಂಗಳೂರು: ಸಂಸ್ಕೃತದ ಅರ್ಥ ಸಂಸ್ಕೃತಕ್ಕಿರಲಿ. ನಮ್ಮ ಪಠ್ಯದಲ್ಲಿ ಅಪವರ್ತನವೆಂದರೆ (x−2) ಎಂಬ ತುಂಡು, ಹೊಡೆದುಹಾಕುವ ಕ್ರಿಯೆಯಲ್ಲ. ನಿಮ್ಮ ವ್ಯುತ್ಪತ್ತಿ ಮಕ್ಕಳನ್ನು ದಾರಿ ತಪ್ಪಿಸುತ್ತದೆ.

ಧಾರವಾಡ: ಕೊನೆಯ ಪುಟದ ಉತ್ತರಗಳಲ್ಲಿ 3 ಎಂದು ಸ್ಪಷ್ಟವಾಗಿದೆ, ಆದ್ದರಿಂದ ಘಾತ 2 ಆಗಿರಲಾರದು. ‘ಅನಿರ್ಧಾರ್ಯ ರೂಪ’ ಹಾಕುತ್ತಿದ್ದೇನೆ. ‘ಅಪವರ್ತಿಸಿ’ಯೋ ‘ಒಡೆದು ಬರೆ’ಯೋ ಎಂಬುದನ್ನು ಸಂಜೆಯೊಳಗೆ ಯಾರಾದರೂ ತಿಳಿಸಿ.