ಸ್ಟಿಕ್ ಮೇಲೆ ತಳ್ಳಿದರೆ ನೆಲ ಕಾಣುತ್ತೆ: ಇನ್ವರ್ಟ್ ಮಾಡುವವರು ಸ್ವಲ್ಪ ಹೇಳಿ

ಮನೆಯಾಟ: ಮನೆಯಲ್ಲಿ ಇರುವುದು ಒಂದೇ ಪಿಎಸ್5. ನಮ್ಮ ಯಜಮಾನರು ಯಾವ ಗೇಮ್ ಹಾಕಿದರೂ ಮೊದಲು ಇನ್ವರ್ಟ್ ಮಾಡಿಕೊಳ್ಳುತ್ತಾರೆ. ಆಮೇಲೆ ನಾನು ಕೂತರೆ ಆಕಾಶ ನೋಡಬೇಕಾದಾಗ ನೆಲ ನೋಡುತ್ತಾ ನಿಂತಿರುತ್ತೇನೆ. ಜನ ಯಾಕೆ ಹೀಗೆ ಆಡುತ್ತಾರೆ? ಪ್ರತಿ ಸಲ ಬದಲಾಯಿಸದೆ ಇಬ್ಬರಿಗೂ ಬೇರೆ ಬೇರೆ ಇಡೋಕೆ ಆಗುತ್ತಾ? ಪಿಸಿಯಲ್ಲಿ ಸ್ಟೀಮ್ ಕೂಡ ಇದೆ.

ಹಳೇಪೈಲಟ್: ಇದರಲ್ಲಿ ಗುಟ್ಟೇನೂ ಇಲ್ಲ ಮೇಡಂ. ವಿಮಾನದ ಸ್ಟಿಕ್ ಹಿಂದಕ್ಕೆ ಎಳೆದರೆ ಮೂತಿ ಮೇಲೇಳುತ್ತದೆ, ಮುಂದಕ್ಕೆ ತಳ್ಳಿದರೆ ಕೆಳಗಿಳಿಯುತ್ತದೆ. ತೊಂಬತ್ತರ ದಶಕದಲ್ಲಿ ಫ್ಲೈಟ್ ಸಿಮ್ಯುಲೇಟರ್ ಆಡಿದ ನಮ್ಮಂಥವರ ಕೈ ಅಲ್ಲೇ ಪಳಗಿದ್ದು. ಅಷ್ಟೇ ಕಾರಣ, ಬೇರೆ ಏನಿಲ್ಲ. ನಿಮ್ಮ ಯಜಮಾನರೂ ನಮ್ಮ ಕಾಲದವರೇ ಇರಬೇಕು.

ಮನೆಯಾಟ: ಅವರು ಒಂದು ಸಲವೂ ಫ್ಲೈಟ್ ಗೇಮ್ ಆಡಿಲ್ಲ ಸರ್!

ಎರಡುಕಡ್ಡಿ: ಪೈಲಟ್ ಸರ್ ಹೇಳಿದ್ದು ಅರ್ಧ ನಿಜ. ಆಗಿನ ಕೆಲವು ಕನ್ಸೋಲ್ ಶೂಟರ್‌ಗಳೂ ಇನ್ವರ್ಟ್ ಆಗಿಯೇ ಬರುತ್ತಿದ್ದವು. 2001ರ ಮೊದಲ ಹೇಲೋ ಶುರುವಾಗುವಾಗ ಮೇಲಿನ ದೀಪ ನೋಡು, ಕೆಳಗಿನ ದೀಪ ನೋಡು ಅಂತ ಒಂದು ಪರೀಕ್ಷೆ ಇದೆ ನೋಡಿ. ನಿಮಗೆ ಯಾವುದು ಸರಿ ಅನ್ನುವುದನ್ನು ಅಲ್ಲೇ ಕೇಳಿಬಿಡುತ್ತದೆ.

ಆದರೆ ಅಭ್ಯಾಸವೇ ಪೂರ್ತಿ ಕಾರಣ ಅಲ್ಲ. ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದಲ್ಲಿದ್ದ ಜೆನಿಫರ್ ಕಾರ್ಬೆಟ್, ಯಾಪ್ ಮುನೆಕೆ ಇಬ್ಬರೂ ಇದನ್ನೇ ಹಿಡಿದು ಪರೀಕ್ಷೆ ಮಾಡಿದರು. ಕೋವಿಡ್ ಸಮಯ, ಹಾಗಾಗಿ ಆನ್‌ಲೈನ್‌ನಲ್ಲೇ. ಬಹಳ ಜನ ಪೈಲಟ್ ಸರ್ ಥರಾನೇ ತಮ್ಮ ಹಳೇ ಗೇಮ್‌ಗಳನ್ನೇ ಕಾರಣ ಅಂದರು. ಆದರೆ ಯಾರು ಇನ್ವರ್ಟ್ ಮಾಡುತ್ತಾರೆ ಅಂತ ಊಹಿಸಲು ಹೆಚ್ಚು ನೆರವಾಗಿದ್ದು ಬೇರೆ. ಒಂದು ಆಕಾರವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡಲು ಅವರಿಗೆ ಎಷ್ಟು ಹೊತ್ತು ಬೇಕು ಅನ್ನುವುದು. ಬೇಗ ತಿರುಗಿಸುವವರು ಇನ್ವರ್ಟ್ ಮಾಡುವುದು ಕಡಿಮೆ. ಹಾಗಂತ ಇನ್ವರ್ಟ್ ಮಾಡುವವರು ಪೆದ್ದರಲ್ಲ. ನಿಧಾನ ಆದರೂ ತಪ್ಪು ಕಡಿಮೆ ಮಾಡಿದ್ದು ಅವರೇ.

ನನಗೆ ಅರ್ಥವಾಗಿದ್ದು ಹೀಗೆ. ಸ್ಟಿಕ್ ಅನ್ನು ಪರದೆಯ ಮೇಲಿನ ಬಾಣದ ಗುರುತು ಅಂದುಕೊಂಡರೆ ಮೇಲೆ ಅಂದರೆ ಮೇಲೆ. ಅದೇ ಸ್ಟಿಕ್ ಆಟದವನ ನೆತ್ತಿಗೆ ನೆಟ್ಟಿದೆ ಅಂದುಕೊಳ್ಳಿ. ಮುಂದಕ್ಕೆ ತಳ್ಳಿದರೆ ತಲೆ ಬಗ್ಗುತ್ತದೆ, ನೆಲ ಕಾಣುತ್ತದೆ. ನಿಮ್ಮವರ ಲೆಕ್ಕ ಬಹುಶಃ ಎರಡನೆಯದು.

ಜೈರೋರಾಜ: ಅಕ್ಕಾ ಸೆನ್ಸಿಟಿವಿಟಿ ಕಡಿಮೆ ಮಾಡಿ, ಸರಿ ಹೋಗುತ್ತೆ. ನಾನು ಬಿಜಿಎಂಐನಲ್ಲಿ ಜೈರೋ ಆನ್ ಮಾಡಿ ಸ್ಕೋಪ್‌ಗೆ ಮಾತ್ರ ಬೇರೆ ಇಟ್ಟಿದ್ದೀನಿ, ಬೆಣ್ಣೆ ಥರ ಹೋಗುತ್ತೆ.

ಎರಡುಕಡ್ಡಿ: ಗುರು, ಸೆನ್ಸಿಟಿವಿಟಿ ಅಂದರೆ ವೇಗ. ಅವರು ಕೇಳಿದ್ದು ದಿಕ್ಕು. ನಿಧಾನವಾಗಿ ತಪ್ಪು ಕಡೆ ನೋಡಿದರೆ ಏನು ಬಂತು?

ಪಿಎಸ್5 ವಿಷಯಕ್ಕೆ ಬರೋಣ. ಮೊದಲು ನಿಮಗೆ ಅಂತ ಬೇರೆ ಯೂಸರ್ ಮಾಡಿಕೊಳ್ಳಿ. ಆಮೇಲೆ ಯಜಮಾನರ ಯೂಸರ್‌ನಲ್ಲಿ ಇಲ್ಲಿಗೆ ಹೋಗಿ: Settings > Saved Data and Game/App Settings > Game Presets. ಅಲ್ಲಿ ಫಸ್ಟ್ ಪರ್ಸನ್, ಥರ್ಡ್ ಪರ್ಸನ್ ಎರಡಕ್ಕೂ ಕ್ಯಾಮೆರಾ ದಿಕ್ಕು ಬೇರೆ ಬೇರೆ ಇಡಬಹುದು. ಅವರದರಲ್ಲಿ ಮೇಲೆ-ಕೆಳಗೆ ಇರುವುದನ್ನು ಮಾತ್ರ ಇನ್ವರ್ಟ್ ಮಾಡಿ. ನಿಮ್ಮ ಯೂಸರ್ ಮುಟ್ಟಲೇಬೇಡಿ.

ಒಂದು ಮಾತು ನೆನಪಿರಲಿ. ನಿಮ್ಮ ಯೂಸರ್‌ನಲ್ಲಿ ಸೇವ್ ಕೂಡ ಬೇರೆ. ಅವರು ಅರ್ಧ ಆಡಿಟ್ಟ ಗೇಮ್ ನಿಮಗೆ ಮೊದಲಿಂದ ಶುರುವಾಗುತ್ತದೆ. ಡಿಜಿಟಲ್ ಆಗಿ ಕೊಂಡ ಗೇಮ್ ನಿಮಗೂ ತೆರೆಯಬೇಕಾದರೆ ಅವರ ಅಕೌಂಟ್‌ನಲ್ಲಿ Console Sharing and Offline Play ಆನ್ ಇರಬೇಕು.

ಮನೆಯಾಟ: ಮಾಡಿದೆ. ಹೊಸದಾಗಿ ಹಾಕಿದ ಒಂದು ಗೇಮ್ ಅವರಿಗೆ ಇನ್ವರ್ಟ್ ಆಗೇ ಬಂತು. ಆದರೆ ಇನ್ನೊಂದು ಹಳೇದು ಕೇಳಲೇ ಇಲ್ಲ, ಮಾಮೂಲಿಯಾಗೇ ಇದೆ. ಅದರಲ್ಲಿ ಅವರು ಇನ್ನೂ ಟ್ಯುಟೋರಿಯಲ್ ಕೂಡ ಮುಗಿಸಿಲ್ಲ.

ಎರಡುಕಡ್ಡಿ: ಎರಡು ಕಾರಣ ಇರಬಹುದು. ಪ್ರಿಸೆಟ್ ಓದುವ ಹಾಗೆ ಬರೆದ ಗೇಮ್ ಮಾತ್ರ ಓದುತ್ತದೆ, ಪಿಎಸ್4ರ ಕಾಲದ್ದನ್ನು ನಂಬಿಕೊಳ್ಳಬೇಡಿ. ಇನ್ನೊಂದು, ಮೊದಲೇ ಒಂದು ಸಲ ತೆರೆದಿದ್ದರೆ ಅದು ತನ್ನ ಸೆಟ್ಟಿಂಗ್ ಬರೆದಿಟ್ಟುಕೊಂಡಿರುತ್ತದೆ. ಯಾವುದಾದರೂ ಸರಿ, ಗೇಮ್ ಒಳಗೇ ಹೋಗಿ ಬದಲಾಯಿಸಿ. ಕಂಟ್ರೋಲ್ಸ್ ಅಥವಾ ಕ್ಯಾಮೆರಾ ಅನ್ನುವ ಜಾಗದಲ್ಲಿ ಇರುತ್ತದೆ. ಹೆಸರು ಒಂದೊಂದು ಕಡೆ ಒಂದೊಂದು. ಬಂದೂಕು ಗುರಿ ಇಡುವಾಗಿನ ಕ್ಯಾಮೆರಾಗೆ ಬೇರೆ ಆಯ್ಕೆ ಇದೆಯಾ ಅಂತಲೂ ನೋಡಿ. ಓಡಾಡುವಾಗ ಇನ್ವರ್ಟ್ ಆಗಿದ್ದು ಗುರಿ ಇಟ್ಟ ಕೂಡಲೇ ಮಾಮೂಲಿಯಾದರೆ, ಆ ಎರಡನೇ ಆಯ್ಕೆ ಬಿಟ್ಟು ಹೋಗಿದೆ ಅಂತಲೇ ಲೆಕ್ಕ.

ಸ್ಟೀಮ್‌ನಲ್ಲೂ ಮೊದಲು ಗೇಮ್ ಒಳಗೆ ಹುಡುಕಿ. ಅಲ್ಲಿ ಇಲ್ಲವೇ ಇಲ್ಲ ಅಂದಾಗ ಮಾತ್ರ ಸ್ಟೀಮ್ ಇನ್‌ಪುಟ್ ಮುಟ್ಟಿ. ಲೈಬ್ರರಿಯಲ್ಲಿ ಆ ಗೇಮ್‌ನ ಕಂಟ್ರೋಲರ್ ಲೇಔಟ್ ತೆರೆದು, ಬಲಗಡೆ ಸ್ಟಿಕ್‌ನ ಗೇರ್ ಗುರುತು ಒತ್ತಿದರೆ ಮೇಲೆ-ಕೆಳಗೆ ತಿರುಗಿಸುವ ಸ್ವಿಚ್ ಸಿಗುತ್ತದೆ. ಆ ಗೇಮ್‌ಗೆ ಮಾತ್ರ ತಗುಲುತ್ತದೆ, ಉಳಿದವು ಹಾಗೇ ಇರುತ್ತವೆ.

ಇದರಲ್ಲಿ ತೊಡಕೂ ಇದೆ. ಸ್ಟೀಮ್ ತಿರುಗಿಸುವುದು ಸ್ಟಿಕ್ಕನ್ನೇ, ಕ್ಯಾಮೆರಾನ ಅಲ್ಲ. ಬಲಗಡೆ ಸ್ಟಿಕ್‌ನಿಂದ ನಡೆಯುವ ಮ್ಯಾಪು, ಪಟ್ಟಿ ಎಲ್ಲ ಉಲ್ಟಾ ಆಗುತ್ತವೆ. ಮ್ಯಾಪ್ ತೆರೆದು ಸ್ಟಿಕ್ ಮೇಲೆ ತಳ್ಳಿ. ಅದು ತಪ್ಪು ಕಡೆ ಜಾರಿದರೆ ಇನ್ವರ್ಟ್ ಆಗಿರುವುದು ಸ್ಟೀಮ್‌ನಲ್ಲಿ. ಗೇಮ್ ಒಳಗೂ ಸ್ಟೀಮ್‌ನಲ್ಲೂ ಎರಡೂ ಆನ್ ಇದ್ದರೆ ಒಂದನ್ನೊಂದು ಹೊಡೆದುಹಾಕಿ ಕ್ಯಾಮೆರಾ ಮಾಮೂಲಿಯಾಗಿ ಕಾಣುತ್ತದೆ. ಆಗ "ಸೆಟ್ಟಿಂಗ್ ಕೆಲಸ ಮಾಡ್ತಿಲ್ಲ" ಅಂತ ತಲೆ ಕೆಡಿಸಿಕೊಳ್ಳುವವರೇ ಜಾಸ್ತಿ.

ಸೈಬರ್‌ಕೆಫೆ: ಮೌಸ್‌ನವರಿಗೂ ಒಂದು ಮಾತು. ಸಿಎಸ್ 1.6 ಕಾಲದಲ್ಲಿ ನಮ್ಮ ಕೆಫೆಯಲ್ಲಿ ಒಬ್ಬ ರಿವರ್ಸ್ ಮೌಸ್ ಹಾಕಿಟ್ಟು ಎದ್ದುಹೋಗುತ್ತಿದ್ದ. ಮುಂದೆ ಕೂತವನು ಮೊದಲ ರೌಂಡ್ ಪೂರ್ತಿ ಬೂಟು ನೋಡುತ್ತಿದ್ದ! ಸೆಟ್ಟಿಂಗ್ ಆ ಮಷೀನಿನ config.cfg ಫೈಲಿಗೆ ಬರೆದುಹೋಗುತ್ತಿತ್ತಲ್ಲ, ಅದಕ್ಕೆ. ಕೊನೆಗೆ userconfig.cfg ಒಳಗೆ ಎರಡು ಸಾಲು ಹಾಕಿದೆವು:

```
bind "F7" "m_pitch -0.022"
bind "F8" "m_pitch 0.022"
```

ಮೈನಸ್ ಇದ್ದರೆ ಉಲ್ಟಾ, ಇಲ್ಲದಿದ್ದರೆ ಮಾಮೂಲಿ. ಕೂತವನು ತನಗೆ ಬೇಕಾದ ಕೀ ಒತ್ತಿಕೊಂಡು ಆಡುತ್ತಿದ್ದ. ಅಂಕಿ ಮಾತ್ರ ಹಾಗೇ ಇರಲಿ, ಅದು ಬದಲಾದರೆ ಮೇಲೆ-ಕೆಳಗಿನ ವೇಗವೂ ಬದಲಾಗುತ್ತದೆ. ಮೈನ್‌ಕ್ರಾಫ್ಟ್ ಜಾವಾದಲ್ಲಾದರೆ options.txt ಒಳಗೆ `invertYMouse:true` ಅಂತ ಇರುತ್ತದೆ, ಮೆನುವಿನಲ್ಲೂ ಸಿಗುತ್ತದೆ.

ಹಳೇಪೈಲಟ್: ನಾನು ಮಾತು ಬದಲಾಯಿಸಲ್ಲ. ನನ್ನ ಕೈ ವಿಮಾನದಿಂದಲೇ ಕಲಿತದ್ದು. ಆದರೆ ಮೌಸ್ ಹಿಡಿದರೆ ನಾನೂ ಇನ್ವರ್ಟ್ ಮಾಡಲ್ಲ, ಸ್ಟಿಕ್‌ಗೆ ಮಾತ್ರ. ಇದು ಯಾಕೆ ಅಂತ ನಿಮ್ಮ ಬ್ರೂನೆಲ್‌ನವರು ಹೇಳಿದ್ದಾರಾ?

ಎರಡುಕಡ್ಡಿ: ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಸರ್. ನನ್ನ ತಮ್ಮನೂ ಹಾಗೇ. ಮೌಸ್ ಅಂದರೆ ಕೈ ತೋರಿಸಿದ ಕಡೆ ಹೋಗಬೇಕು ಅನ್ನುತ್ತಾನೆ. ಮೇಡಂ, ನೆಲದ ಮೇಲೆ ಓಡಾಡುವುದು, ವಿಮಾನ ಹಾರಿಸುವುದು ಎರಡೂ ಇರುವ ಕೆಲವು ಗೇಮ್‌ಗಳಲ್ಲಿ ಹಾರಾಟಕ್ಕೆ ಬೇರೆ ಇನ್ವರ್ಟ್ ಇರುತ್ತದೆ. ಬ್ಯಾಟಲ್‌ಫೀಲ್ಡ್‌ನಲ್ಲಿ ಇದೆ. ನಿಮ್ಮದರಲ್ಲಿ ಅದನ್ನೂ ಆಫ್ ಮಾಡುವ ಮುಂಚೆ ಒಂದು ಸಲ ಹಾರಿಸಿ ನೋಡಿ.

ಮನೆಯಾಟ: ನೋಡಿದೆ. ಹೆಲಿಕಾಪ್ಟರ್‌ಗೆ ನನಗೂ ಉಲ್ಟಾನೇ ಸರಿ ಅನ್ನಿಸ್ತಿದೆ. ಅವರಿಗೆ ಇನ್ನೂ ಹೇಳಿಲ್ಲ.